ವ್ಯಾಸಪೀಠವೇರಿದ ಲ್ಯಾಪ್‌ಟಾಪ್

ಕೋಡಂಬಾಕ್ಕಂ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿರುವ ಅಂಬುಜಮ್ಮನ ಮನೆಗೆ ಯಾವ ಸಾಮಾನು ಬಂದರೂ ಅದು ಕಿಟ್ಟುವಿನ ಒಪ್ಪಿಗೆ ಪಡೆದೇ ಹೊಸಿಲು ದಾಟಬೇಕು. ಕಿಟ್ಟು ಅಂಬುಜಮ್ಮನ ಹಿರಿಮಗ, ರೈಲ್ವೆಯಲ್ಲಿ ಇದ್ದು ನಿವೃತ್ತನಾದವನು. ಕಿರಿಮಗ ಗುರುಚರಣ ಇನ್ಶೂರೆನ್ಸ್ ಆಫೀಸಿಗೆ ಹೋಗುತ್ತಾನೆ, ಸಂಬಳ ತರುತ್ತಾನೆ, ಅಣ್ಣನ ಮಾತಿಗೆ ತಲೆಯಾಡಿಸುತ್ತಾನೆ. ಈ ಮೂರು ಕೆಲಸದಲ್ಲಿ ಅವನು ಎಂದೂ ರಜ ಹಾಕಿದ್ದಿಲ್ಲ. ಆದ್ದರಿಂದ ಗುರುಚರಣನ ಮಗಳು ಹರಿಪ್ರಿಯಾಗೆ ಲ್ಯಾಪ್‌ಟಾಪ್ ಬೇಕಾದಾಗ ಅವಳು ಅಪ್ಪನನ್ನು ಕೇಳಿದ್ದು ಬರೀ ಮರ್ಯಾದೆಗೆ. ಒಪ್ಪಿಸಬೇಕಾದದ್ದು ದೊಡ್ಡಪ್ಪನನ್ನು.

ಹರಿಪ್ರಿಯಾ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ಹುಡುಗಿ. ಅವಳ ಕಾಲೇಜಿನ ಹುಡುಗರ ಗುಂಪೊಂದು ಬ್ಯಾಟರಿಯಲ್ಲಿ ಓಡುವ ಪುಟ್ಟ ಗಾಡಿ ಕಟ್ಟುತ್ತಿತ್ತು. ಗಾಡಿಯ ಕಬ್ಬಿಣದ ಚೌಕಟ್ಟು ಎಲ್ಲಿ ಬಗ್ಗುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ಕಬ್ಬಿಣ ಕತ್ತರಿಸುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ಕೆಲಸ ಅವಳದು. ಹುಡುಗರ ನಡುವೆ ಜಗಳವಾಡಿ ಪಡೆದ ಕೆಲಸ. ಕಾಲೇಜಿನ ಲ್ಯಾಬಿನಲ್ಲಿ ಒಂದೊಂದು ಕಂಪ್ಯೂಟರಿಗೂ ನಾಲ್ಕು ಜನರ ಸರದಿ, ಸಂಜೆಯಾದರೆ ಬೀಗ. ಸೋಮವಾರದೊಳಗೆ ಲೆಕ್ಕ ತೋರಿಸದಿದ್ದರೆ ಕೆಲಸ ಪ್ರಮೋದನ ಕೈಗೆ ಹೋಗುತ್ತದೆ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಪ್ರಮೋದನ ಹತ್ತಿರ ಸ್ವಂತ ಲ್ಯಾಪ್‌ಟಾಪ್ ಇತ್ತು, ಜೊತೆಗೆ ಸಹಿಸಲಾಗದಷ್ಟು ತಾಳ್ಮೆಯೂ ಇತ್ತು.

ಶನಿವಾರ ರಾಹುಕಾಲ ಕಳೆದ ಮೇಲೆ ದೊಡ್ಡಪ್ಪ, ಅಪ್ಪ, ಮಗಳು ಮೂವರೂ ಕಂಪ್ಯೂಟರ್ ಅಂಗಡಿಗಳ ಸಾಲಿರುವ ರಿಚ್ಚಿ ಸ್ಟ್ರೀಟಿಗೆ ಹೊರಟರು. ಅಲ್ಲಿಯ ಒಂದು ಅಂಗಡಿಯಲ್ಲಿ ಕಿಟ್ಟುವಿನ ಕಣ್ಣು ಮೊದಲು ಹೋದದ್ದು ಬೆಳ್ಳಿ ಬಣ್ಣದ, ಹಪ್ಪಳದಂತೆ ತೆಳ್ಳಗಿದ್ದ ಹೊಸ ಲ್ಯಾಪ್‌ಟಾಪಿನ ಮೇಲೆ. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ನೋಡೋ ಗುರು, ಹೂವಿನ ಹಾಗಿದೆ. ಪ್ರೊಸೆಸರ್ ಏಳನೇ ನಂಬರಂತೆ. ನಿನ್ನ ಮಗಳು ಕೇಳ್ತಿರೋದು ಐದನೇ ನಂಬರಿಂದು. ಏಳು ದೊಡ್ಡದೋ, ಐದು ದೊಡ್ಡದೋ?"

ಗುರುಚರಣ ತಲೆಯಾಡಿಸಿದ. ಯಾವ ನಂಬರಿಗೆ ಎಂದು ಗೊತ್ತಾಗಲಿಲ್ಲ.

"ದೊಡ್ಡಪ್ಪಾ, ಅದು ಅಪ್ಪಡಿ ಇಲ್ಲ," ಎಂದಳು ಹರಿಪ್ರಿಯಾ. "ಗಾಡಿ ನಂಬರ್ ದೊಡ್ಡದಾದ್ರೆ ರೈಲು ಜೋರಾಗಿ ಓಡತ್ತಾ? ನಂಬರ್ ಆದ್ಮೇಲೆ ಒಂದು ಇಂಗ್ಲಿಷ್ ಅಕ್ಷರ ಇರತ್ತೆ, ಅದನ್ನ ನೋಡ್ಬೇಕು. ಇದು ಬ್ಯಾಟರಿ ಉಳಿಸೋ ಜಾತಿ. ಟೈಪ್ ಮಾಡಕ್ಕೆ, ಪಾಟ್ಟು ಕೇಳಕ್ಕೆ ಸರಿ. ಗಂಟೆಗಟ್ಟಲೆ ಲೆಕ್ಕ ಹಾಕು ಅಂದ್ರೆ ಸುಸ್ತಾಗತ್ತೆ. ಇದರಲ್ಲಿ ಮೆಮೊರಿ ಎಂಟೇ ಜಿಬಿ, ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದಾರೆ. ನಾಳೆ ಸಾಲದು ಅಂದ್ರೆ ಸೇರಿಸಕ್ಕೂ ಆಗಲ್ಲ."

"ಮತ್ತೆ ನಿನಗೆ ಬೇಕಾದ್ದು ಯಾವುದಮ್ಮಾ?"

ಅವಳು ಮೂಲೆಯ ಕಪಾಟಿನತ್ತ ಕೈ ತೋರಿಸಿದಳು. ಅಲ್ಲಿತ್ತು ಕರೀ, ದಪ್ಪ, ಗಂಭೀರವಾದ ಒಂದು ಯಂತ್ರ. ಯಾವುದೋ ಕಂಪನಿ ಮೂರು ವರ್ಷ ಬಾಡಿಗೆಗೆ ಇಟ್ಟುಕೊಂಡು ಬಿಟ್ಟುಕೊಟ್ಟ ವರ್ಕ್‌ಸ್ಟೇಷನ್. ಗಟ್ಟಿ ಪ್ರೊಸೆಸರ್. ಚಿತ್ರ ಬಿಡಿಸುವ ಸಾಫ್ಟ್‌ವೇರಿಗೆಂದೇ ಪರೀಕ್ಷೆಯಾದ ಪ್ರತ್ಯೇಕ ಗ್ರಾಫಿಕ್ಸ್ ಚಿಪ್. ಮೆಮೊರಿ ಹದಿನಾರು ಜಿಬಿ, ಮುಂದೆ ಇನ್ನಷ್ಟು ಸೇರಿಸಲು ಖಾಲಿ ಜಾಗ. ಇದೇ ಹೊಸದಾಗಿದ್ದರೆ ಅಪ್ಪನ ಜೇಬಿನ ಅಳತೆಗೆ ಸಿಕ್ಕುತ್ತಲೇ ಇರಲಿಲ್ಲ.

ಕಿಟ್ಟು ಅದನ್ನೂ ಎತ್ತಿ ನೋಡಿದ. ಈ ಸಲ ಎರಡು ಕೈ ಬೇಕಾಯಿತು.

"ಇದೇನೇ, ಗೂಡ್ಸ್ ಗಾಡಿ ಎಂಜಿನ್ನು. ಯಾರೋ ಉಂಡೆದ್ದ ಎಲೆ ಬೇರೆ."

"ಬ್ಯಾಟರಿ ಸ್ವಲ್ಪ ಹಳೇದು ದೊಡ್ಡಪ್ಪಾ, ಒಪ್ಕೋತೀನಿ. ಒಂದೂವರೆ ಗಂಟೆ ಬಂದ್ರೆ ಹೆಚ್ಚು. ಆದ್ರೆ ಇಂಥ ಲೆಕ್ಕ ಹಾಕೋವಾಗ ಹೇಗಿದ್ರೂ ಕರೆಂಟಿಗೆ ಸಿಗಿಸ್ಲೇಬೇಕು."

ಅವಳು ಜೊತೆಗೆ ತಂದಿದ್ದ ಪೆನ್‌ಡ್ರೈವಿನಿಂದ ಪ್ರೊಸೆಸರಿಗೆ ಪೂರ್ತಿ ಹೊರೆ ಹೇರುವ ಪುಟ್ಟ ಪ್ರೋಗ್ರಾಮೊಂದನ್ನು ಎರಡರ ಮೇಲೂ ಓಡಿಸಿದಳು. ಬೆಳ್ಳಿಯದು ಮೊದಲು ಚಿಮ್ಮಿತು, ನಿಮಿಷ ಕಳೆಯುವುದರೊಳಗೆ ವೇಗ ಕುಗ್ಗಿಸಿತು. ಕರಿಯದು ಗಾಜಿನ ಕಟ್ಟೆಯ ಮೇಲೆ ಕೂತು ಫ್ಯಾನು ಗುರುಗುಟ್ಟಿಸುತ್ತ ಅಷ್ಟು ಹೊತ್ತೂ ಒಂದೇ ವೇಗದಲ್ಲಿ ಓಡಿತು. "ಪಾಪ್ಪಾ ಸೊಲ್ರದು ಕರೆಕ್ಟ್ ಸಾರ್," ಎಂದ ಅಂಗಡಿಯವನು. ಕಿಟ್ಟುವಿಗೆ ಹುಡುಗಿಯ ಮಾತು ಸರಿ ಎಂದು ಬೇರೆಯವರು ಹೇಳುವುದು ರುಚಿಸಲಿಲ್ಲ. "ಒಂದು ವಾರದೊಳಗೆ ತೊಂದರೆ ಬಂದರೆ ವಾಪಸ್ ತಗೊಂಡು ಆ ಬೆಳ್ಳೀದು ಕೊಡ್ತೀಯಾ?" ಎಂದು ತಮಿಳಿನಲ್ಲಿ ಕೇಳಿ, ಹೂಂ ಎನ್ನಿಸಿಕೊಂಡೇ ಒಪ್ಪಿದ.

ಮನೆಗೆ ಬಂದ ಹೊಸ ವಸ್ತುವನ್ನು ದೇವರ ಮುಂದೆ ಇಡದೆ ಬಳಸುವ ಪದ್ಧತಿ ಆ ಮನೆಯಲ್ಲಿಲ್ಲ. ಹಳೆಯ ವಸ್ತುವಾದರೆ ಇನ್ನೂ ಮುಖ್ಯ, ಹಿಂದೆ ಯಾರ ಕೈಯಲ್ಲಿತ್ತೋ. ಅಂಬುಜಮ್ಮ ಮುಚ್ಚಿದ ಲ್ಯಾಪ್‌ಟಾಪಿಗೆ ಕುಂಕುಮವಿಟ್ಟಳು. ಅಕ್ಷತೆ ಹಾಕುವಾಗ "ತೆರೆದಿಟ್ಟು ಹಾಕ್ಲೇನೇ?" ಎಂದಳು. "ಅಜ್ಜೀ, ಬೇಡ, ಅಕ್ಕಿ ಕಾಳು ಒಳಗೆ ಹೋದ್ರೆ ನಾನೇ ಬಿಚ್ಚಿ ಆರಿಸ್ಬೇಕು," ಎಂದು ಹರಿಪ್ರಿಯಾ ಮುಚ್ಚಳವನ್ನು ಒತ್ತಿ ಹಿಡಿದಳು.

ಕಿಟ್ಟುವಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ತಕರಾರಿದ್ದದ್ದು ಯಂತ್ರದ ಬಗ್ಗೆ, ವಿದ್ಯೆಯ ಬಗ್ಗೆ ಅಲ್ಲವಲ್ಲ. ಅವನು ದೇವರ ಕೋಣೆಯಿಂದ, ಮಠದ ಸ್ವಾಮಿಗಳು ಅನುಗ್ರಹಿಸಿದ್ದ ದಪ್ಪ ಶೇಷವಸ್ತ್ರವನ್ನು ತಂದು, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಹಾಸಿದ.

"ವಿದ್ಯೆಯ ಸಾಧನ. ಬರೀ ಮೇಜಿನ ಮೇಲೆ ಇಡಬೇಡ. ಇದರ ಮೇಲೆ ಕೂರಿಸು. ಕೆಲಸ ಸುಸೂತ್ರವಾಗತ್ತೆ."

ಹರಿಪ್ರಿಯಾ ಕೈಮುಗಿದು ಕೂರಿಸಿದಳು.

ಸುಸೂತ್ರವೇನೂ ಆಗಲಿಲ್ಲ. ಭಾನುವಾರ ಬೆಳಿಗ್ಗೆ ಚೌಕಟ್ಟಿನ ಚಿತ್ರವನ್ನು ಸಾವಿರಾರು ಚೂರಾಗಿ ವಿಂಗಡಿಸಿ, ಭಾರ ಹೊರಿಸಿ, ಲೆಕ್ಕ ಶುರು ಮಾಡಿದಳು. ಮೊದಲ ಎರಡು ನಿಮಿಷ ಚೆನ್ನಾಗಿ ಓಡಿದ ಯಂತ್ರ ಆಮೇಲೆ ತೆವಳತೊಡಗಿತು. ಫ್ಯಾನು ಕಿರುಚುತ್ತಿತ್ತು. ಅಂಗಡಿಯಲ್ಲಿ ಮೂರರ ಮೇಲಿದ್ದ ವೇಗದ ಅಂಕಿ ಒಂದರ ಹತ್ತಿರಕ್ಕೆ ಇಳಿದಿತ್ತು. ಶಾಖದ ಅಂಕಿ ನೂರನ್ನು ಮುಟ್ಟಲು ತುದಿಗಾಲಲ್ಲಿ ನಿಂತಿತ್ತು. ನಿಲ್ಲಿಸಿದಳು, ಮತ್ತೆ ಶುರು ಮಾಡಿದಳು. ಚಾರ್ಜರ್ ಸಡಿಲವೇ ಎಂದು ನೋಡಿದಳು. ಬೇರೆ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿದಳು. ಅದೇ ಕಥೆ. ಇದೇ ನಡಿಗೆಯಲ್ಲಿ ಹೋದರೆ ಸೋಮವಾರಕ್ಕೆ ಅರ್ಧ ಚೌಕಟ್ಟೂ ಮುಗಿಯುವುದಿಲ್ಲ.

ಕಿಟ್ಟು ಕಾಫಿ ಲೋಟ ಹಿಡಿದು ಹಿಂದೆ ನಿಂತು ನೋಡಿದ.

"ಏನಮ್ಮಾ, ಎಂಜಿನ್ನು ಏದುಸಿರು ಬಿಡ್ತಿದೆ?"

"ಅಂಗಡೀಲಿ ಸರಿಯಾಗಿತ್ತು ದೊಡ್ಡಪ್ಪಾ."

"ಹೆಣ್ಣು ನೋಡಕ್ಕೆ ಹೋದಾಗ ಎಲ್ಲರ ಮನೇಲೂ ಎಲ್ಲಾ ಸರಿಯಾಗೇ ಇರತ್ತೆ. ಬೇಜಾರು ಮಾಡ್ಕೋಬೇಡ. ನಾಳೆ ಬೆಳಿಗ್ಗೆ ನಾನೇ ಹೋಗಿ ಕೊಟ್ಟು, ಆ ಬೆಳ್ಳೀದು ತಂದ್ಬಿಡ್ತೀನಿ. ಏನೋ ಗುರು?"

ಪೇಪರಿನ ಹಿಂದಿನಿಂದ ಗುರುಚರಣ ತಲೆಯಾಡಿಸಿದ್ದು ಪೇಪರು ಅಲ್ಲಾಡಿದ್ದರಿಂದ ತಿಳಿಯಿತು.

ಹರಿಪ್ರಿಯಾ ಚಾರ್ಜರನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಬೆಳ್ಳಿಯದು ಬಂದರೆ ಚೌಕಟ್ಟು ಪ್ರಮೋದನ ಪಾಲು, ಈ ವರ್ಷ ಮಾತ್ರವಲ್ಲ, ಕೊನೆಯವರೆಗೂ. ನಾನೇ ಆರಿಸಿದ್ದು, ನಾನೇ ಮೋಸ ಹೋದೆನೇ? ಮತ್ತೊಮ್ಮೆ ಲೆಕ್ಕ ಶುರು ಮಾಡಿದಳು.

ಅಷ್ಟರಲ್ಲಿ ಅಂಬುಜಮ್ಮ ಸ್ನಾನ ಮುಗಿಸಿ, ಮಡಿಯುಟ್ಟು ಬಂದಳು. ದೇವರ ಕೋಣೆಗೆ ಹೋದವಳು ತಿರುಗಿ ಬಂದಳು.

"ಶೇಷವಸ್ತ್ರ ಎಲ್ಲೋ ಕಿಟ್ಟೂ?"

"ಲ್ಯಾಪ್‌ಟಾಪಿನ ಕೆಳಗೆ ಹಾಸಿದೀನಮ್ಮಾ, ವಿದ್ಯೆಗೆ."

"ಪಾರಾಯಣಕ್ಕೆ ಪುಸ್ತಕಕ್ಕೆ ಹೊದಿಸೋದನ್ನ ತಗೊಂಡು ಹೋಗಿ ಇದರ ಅಡಿಗೆ ಹಾಕಿದೀಯಲ್ಲೋ. ಸ್ವಾಮಿಗಳು ತಲೆ ಮೇಲೆ ಹೊದಿಸಿ ಕೊಟ್ಟದ್ದು, ಕೆಳಗೆ ಹಾಸಕ್ಕೇ? ಗುರೂ, ನೀನಾದ್ರೂ ತೆಗೆದುಕೊಡೋ. ನಾನು ಮಡೀಲಿದೀನಿ, ಮುಟ್ಟೋ ಹಾಗಿಲ್ಲ."

ಅಣ್ಣನ ಮಾತಿಗಿಂತ ದೊಡ್ಡದು ಆ ಮನೆಯಲ್ಲಿ ಅಮ್ಮನ ಮಾತೊಂದೇ. ಗುರುಚರಣ ಪೇಪರು ಕೆಳಗಿಟ್ಟು ಎದ್ದು, ಓಡುತ್ತಿದ್ದ ಲ್ಯಾಪ್‌ಟಾಪನ್ನು ನೈವೇದ್ಯದ ತಟ್ಟೆಯಂತೆ ಎರಡೂ ಕೈಯಲ್ಲಿ ಮೇಲೆತ್ತಿದ. ಕಿಟ್ಟು ವಸ್ತ್ರವನ್ನು ಎಳೆದುಕೊಂಡು, "ಅಬ್ಬಾ, ಇಸ್ತ್ರಿ ಆದ ಹಾಗೆ ಸುಡ್ತಿದೆ," ಎಂದ.

ಫ್ಯಾನಿನ ಕಿರುಚಾಟ ಸಣ್ಣಗಾಯಿತು. ಹರಿಪ್ರಿಯಾ ಪರದೆ ನೋಡಿದಳು. ಶಾಖ ಇಳಿಯುತ್ತಿತ್ತು. ವೇಗ ಒಂದೂವರೆ, ಎರಡೂಕಾಲು, ಮೂರು. ಗುರುಚರಣ ಯಂತ್ರವನ್ನು ಮತ್ತೆ ಮೇಜಿಗೆ ಇಳಿಸಲು ಬಗ್ಗಿದ.

"ಅಪ್ಪಾ, ಇಳಿಸ್ಬೇಡಿ. ಹಾಗೇ ಹಿಡ್ಕೊಂಡಿರಿ."

"ಎಷ್ಟು ಹೊತ್ತಮ್ಮಾ?"

"ಸ್ವಲ್ಪ."

ಅವಳು ಬಗ್ಗಿ ಅಡಿಯನ್ನು ನೋಡಿದಳು. ಜಾಲರಿಯ ತುಂಬ ವಸ್ತ್ರದ ನೂಲೆಳೆ ಅಂಟಿತ್ತು. ಫ್ಯಾನು ಗಾಳಿ ಎಳೆಯುವುದೇ ಅಲ್ಲಿಂದ. ಎಳೆದಷ್ಟೂ ಮೆತ್ತನೆಯ ಬಟ್ಟೆ ಬಾಯಿಗೆ ಮೆತ್ತಿಕೊಂಡಿದೆ. ಗಾಳಿಯಿಲ್ಲದ ಯಂತ್ರ ತನ್ನನ್ನು ತಾನು ಸುಟ್ಟುಕೊಳ್ಳದಿರಲು ವೇಗ ತಗ್ಗಿಸಿದೆ. ಹಿಂದಿನ ಸೆಮಿಸ್ಟರಿನಲ್ಲಿ ಇಡೀ ಒಂದು ಪೇಪರು ಶಾಖ ಹೇಗೆ ಹರಿಯುತ್ತದೆ ಎಂಬುದರ ಮೇಲೆಯೇ ಇತ್ತು. ಅವಳಿಗೆ ಅದರಲ್ಲಿ ತರಗತಿಗೇ ಹೆಚ್ಚು ಅಂಕ. ಅದನ್ನು ನೆನೆದು ಅವಳಿಗೆ ನಾಚಿಕೆಯಾಯಿತು, ಆಮೇಲೆ ನಗು ಬಂತು.

"ದೊಡ್ಡಪ್ಪಾ, ಯಂತ್ರ ಸರಿಯಾಗಿದೆ. ಉಸಿರಾಡಕ್ಕೆ ಗಾಳಿ ಇರ್ಲಿಲ್ಲ, ಅಷ್ಟೇ. ನಾನೂ ನೋಡ್ಲಿಲ್ಲ."

ಅಂಬುಜಮ್ಮ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. "ಕಿಟ್ಟುವಿನ ಭಕ್ತಿ ಚಿಕ್ಕಂದಿನಿಂದಲೂ ಹಾಗೇ," ಎಂದಳು. "ತುಳಸಿಗೆ ನೀರು ಹಾಕು ಅಂದ್ರೆ ಕೊಳೆಯೋ ತನಕ ಹಾಕ್ತಿದ್ದ."

ಕಿಟ್ಟು ವಸ್ತ್ರವನ್ನು ಮಡಿಸುವುದರಲ್ಲಿ ತುಂಬ ಮಗ್ನನಾದ.

"ಅಮ್ಮಾ," ಎಂದ ಗುರುಚರಣ, ತಾನಾಗಿ ಬಾಯಿ ಬಿಟ್ಟದ್ದಕ್ಕೆ ತಾನೇ ಬೆರಗಾದವನಂತೆ. "ಕೈ ನೋಯ್ತಿದೆ. ಎತ್ತರದಲ್ಲಿ ಇಡಕ್ಕೆ ಏನಾದ್ರೂ ಕೊಡಿ. ಅಡಿ ಖಾಲಿ ಇರ್ಬೇಕು."

ಅಂಬುಜಮ್ಮ ಸ್ವಲ್ಪ ಯೋಚಿಸಿದಳು. "ಕಿಟ್ಟೂ, ಬೀರು ಮೇಲೆ ನಿಮ್ಮಪ್ಪನ ಹಳೇ ವ್ಯಾಸಪೀಠ ಇದೆ, ಇಳಿಸು."

"ವ್ಯಾಸಪೀಠಾನೇ? ಭಾಗವತ ಇಟ್ಟು ಓದಿದ್ದಮ್ಮಾ ಅದು."

"ಓದಕ್ಕೇ ತಾನೇ ಇರೋದು? ಇವಳೂ ಓದ್ತಿದಾಳೆ. ನಿಮ್ಮಪ್ಪನಿಗೆ ಬೇಸರವಾದ್ರೆ ನಾನು ಅವರ ಹತ್ತಿರ ಹೋದ್ಮೇಲೆ ಸಮಾಧಾನ ಮಾಡ್ತೀನಿ."

ಕತ್ತರಿಯಂತೆ ತೆರೆದುಕೊಳ್ಳುವ ಹಲಸಿನ ಮರದ ಪೀಠ. ಕಿಟ್ಟುವೇ ಧೂಳು ಒರೆಸಿ, ಅಗಲಕ್ಕೆ ತೆರೆದು ಮೇಜಿನ ಮೇಲಿಟ್ಟ. ಗುರುಚರಣ ಯಂತ್ರವನ್ನು ಅದರ ಎರಡು ಅಂಚಿಗೆ ಸೇತುವೆಯಂತೆ ಇಳಿಸಿ ಉಸ್ಸೆಂದ. ಕೆಳಗೆ ಗಾಳಿ ಧಾರಾಳವಾಗಿ ಹಾದಾಡಿತು. ವೇಗದ ಅಂಕಿ ಮೂರರ ಮೇಲೆ ನಿಂತದ್ದು ಮತ್ತೆ ಕದಲಲಿಲ್ಲ.

ಒಳಗೆ ಪಾರಾಯಣ ಶುರುವಾಯಿತು, ಹೊರಗೆ ಲೆಕ್ಕ. ಪಾರಾಯಣ ಮುಗಿಯುವ ಮೊದಲೇ ಲೆಕ್ಕ ಮುಗಿಯಿತು. ಪರದೆಯ ಮೇಲೆ ಚೌಕಟ್ಟು ನೀಲಿ, ಹಸಿರು, ಹಳದಿಯಾಗಿ ಹೊಳೆಯಿತು. ಹಿಂಬದಿಯ ಒಂದು ಮೂಲೆ ಮಾತ್ರ ಕೆಂಪಗಿತ್ತು. ಅಲ್ಲೇ ಬಿರಿಯುವುದು. ಸೋಮವಾರ ತೋರಿಸಬೇಕಾದದ್ದು ಅದೇ. ಹರಿಪ್ರಿಯಾ ಆ ಮೂಲೆಗೆ ಒಂದು ಅಡ್ಡಪಟ್ಟಿ ಸೇರಿಸಿ ಮತ್ತೆ ಓಡಿಸಿದಳು.

ಕಿಟ್ಟು ಎರಡನೇ ಕಾಫಿಯೊಂದಿಗೆ ಬಂದು ಹಿಂದೆ ನಿಂತ. ಬಗ್ಗಿ ಪೀಠದ ಅಡಿಯನ್ನೊಮ್ಮೆ ನೋಡಿದ.

"ನಾಳೆ ರಿಚ್ಚಿ ಸ್ಟ್ರೀಟಿಗೆ ಹೋಗ್ತೀರಾ ದೊಡ್ಡಪ್ಪಾ?" ಎಂದಳು ಅವಳು, ತಿರುಗಿ ನೋಡದೆ.

"ಹೋಗಲೇಬೇಕು," ಎಂದ ಕಿಟ್ಟು. "ಇಷ್ಟು ಭಾರ ಹೊರೋಕೆ ನಿನಗೊಂದು ಗಟ್ಟಿ ಬ್ಯಾಗು ಬೇಡ್ವೇ? ಅದನ್ನಾದ್ರೂ ನಾನು ಆರಿಸ್ತೀನಿ."

ಗುರುಚರಣ ತಲೆಯಾಡಿಸಿದ.