ಗೀಟು ಹೊಡೆದ ಸಾಲು

ಮೇ ತಿಂಗಳ ಇಪ್ಪತ್ತೊಂಬತ್ತರ ಬೆಳಿಗ್ಗೆ ಕಂಪನಿಯಿಂದ ಬಂದ ಇಮೇಲನ್ನು ಅಮಿತಾ ಪ್ರಿಂಟು ತೆಗೆದು ಮಾವನ ಮುಂದಿಟ್ಟಳು. ತುಳಸಿದಾಸರು ಪರದೆಯ ಮೇಲೆ ಏನನ್ನೂ ಓದುತ್ತಿರಲಿಲ್ಲ. ಕೈಯಲ್ಲಿ ಕಾಗದ ಇರಬೇಕು, ಬದಿಯಲ್ಲಿ ಕೆಂಪು ಪೆನ್ನು ಇರಬೇಕು. ಹಬ್ಬುವಾಡದ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಸಮುದ್ರದ ಆಳ ಅಳೆದು ನಕ್ಷೆ ಮಾಡಿಕೊಡುವ ಕೆಲಸ ಅವರದು. ದೋಣಿಯ ಮೇಲೆ ಯಂತ್ರ ಹಿಡಿದು ಹೋಗುತ್ತಿದ್ದ ಮಗ ಸುಜಯ ಹೋದ ವರ್ಷ ಇದೇ ದಿನಗಳಲ್ಲಿ ತೀರಿಕೊಂಡಿದ್ದ. ಈಗ ಯಂತ್ರವನ್ನು ಅಶೋಕನೆಂಬ ಸಂಬಳದ ಹುಡುಗ ನೋಡುತ್ತಾನೆ, ಲೆಕ್ಕ ನಕ್ಷೆ ಸೊಸೆ ನೋಡುತ್ತಾಳೆ.

ಪತ್ರ ರಾಮನಾಥರದು. ಬಂದರಿನ ತಡೆಗೋಡೆಯ ವಿನ್ಯಾಸ ಮಾಡುವ ಕಂಪನಿಯಲ್ಲಿ ಅವರು ಈ ಕೆಲಸದ ಮೇಲಧಿಕಾರಿ. ಬೆಳಂಬಾರದ ಎದುರು ನಲವತ್ತೆರಡು ಗೆರೆಗಳ ಅಳತೆ ಚೆನ್ನಾಗಿ ಮುಗಿದದ್ದಕ್ಕೆ ಮೆಚ್ಚುಗೆ ಹೇಳಿದ್ದರು. ಕೊನೆಯಲ್ಲಿ ಒಂದು ಸಣ್ಣ ವಿನಂತಿ ಇತ್ತು: ದಡಕ್ಕೆ ಹತ್ತಿರ ಇನ್ನು ನಾಲ್ಕೇ ನಾಲ್ಕು ಗೆರೆ, ಒಂದು ದಿನದ ಮಾತು, ಮಳೆ ಹಿಡಿಯುವ ಮೊದಲು ಮಾಡಿಕೊಟ್ಟರೆ ಉಪಕಾರವಾದೀತು.

ಗೆರೆಯೆಂದರೆ ದೋಣಿ ದಡಕ್ಕೆ ನೇರವಾಗಿ ಹೋಗಿ ಬರುವ ದಾರಿ. ಮೂರು ಮೀಟರಿಗಿಂತ ಕಡಿಮೆ ಆಳದ ನೀರಿಗೆ ಹೋಗುವುದಿಲ್ಲವೆಂದು ಒಪ್ಪಂದದಲ್ಲಿಯೇ ಇತ್ತು. ಅಲ್ಲಿಂದ ಒಳಗೆ ತೆರೆ ಒಡೆಯುತ್ತದೆ. ಗೆರೆ ಮುಗಿಯುವಲ್ಲಿ ದೋಣಿ ತಿರುಗಲೇಬೇಕು, ತಿರುಗುವಾಗ ಮಗ್ಗುಲನ್ನು ತೆರೆಗೆ ಕೊಡಲೇಬೇಕು. ಅದಲ್ಲದೆ ಆಳ ಅಳೆಯುವ ಯಂತ್ರದ ಕಂಬ ದೋಣಿಯ ಒಂದು ಬದಿಗೆ ನೀರಿನೊಳಗೆ ನಿಂತಿರುತ್ತದೆ. ಹೋದ ವರ್ಷ ಬೇಲೆಕೇರಿಯ ಹತ್ತಿರ ಹಾಗೆ ತಿರುಗುವಾಗಲೇ ತೆರೆ ಎತ್ತಿ ಹಾಕಿತು. ದೋಣಿ ನಡೆಸುತ್ತಿದ್ದ ಕುಪ್ಪ ಈಜಿ ಬಂದ. ಕಂಬ ಹಿಡಿದು ಬಗ್ಗಿದ್ದ ಸುಜಯನನ್ನು ಮರುದಿನ ದಡದಲ್ಲಿ ಕಂಡರು. ಅದೂ ಒಪ್ಪಂದದಲ್ಲಿ ಇಲ್ಲದ ಕೆಲಸ. ಅದೂ ಇದೇ ಕಂಪನಿಗೆ.

ತುಳಸಿದಾಸರು ಉತ್ತರವನ್ನು ಕೈಯಿಂದ ಬರೆದರು. ತಮ್ಮ ಮೇಲಿಟ್ಟ ವಿಶ್ವಾಸಕ್ಕೆ ಕೃತಜ್ಞತೆ. ಸದ್ಯದ ಸ್ಥಿತಿಯಲ್ಲಿ ಕಷ್ಟವೆಂದು ತೋರುತ್ತದೆ. ಆದರೂ ತಮ್ಮ ಅಗತ್ಯ ನಮಗೆ ತಿಳಿದಿದೆ. ಅಮಿತಾ ಅದನ್ನು ಟೈಪು ಮಾಡಲು ಕೂತವಳು ಅರ್ಧಕ್ಕೆ ನಿಲ್ಲಿಸಿದಳು.

"ಮಾವಾ, ಇದ್ರಲ್ಲಿ ಆಗೂದಿಲ್ಲ ಹೇಳಿ ಎಲ್ಲಿದೆ?"

"ಕಷ್ಟ ಹೇಳಿ ಬರೆದಿದ್ದೇನಲ್ಲ. ತಿಳಿದವರಿಗೆ ಅಷ್ಟು ಸಾಕು."

"ಅವ್ರಿಗೆ ತಿಳೀದೇ ಇದ್ರೆ?"

ಅಷ್ಟರಲ್ಲಿ ಬೆಳಂಬಾರದಿಂದ ಕುಪ್ಪನ ಫೋನು ಬಂತು. ಮಳೆಗಾಲಕ್ಕೆಂದು ದೋಣಿಯನ್ನು ಮೇಲೆ ಎಳೆಯಲು ಅವನು ಜನರನ್ನು ಕರೆಸಿದ್ದ. ಹಿಂದಿನ ಸಂಜೆ ರಾಮನಾಥರು ನೇರ ಅವನಿಗೇ ಫೋನು ಮಾಡಿ ದೋಣಿ ಎಳೆಯಬೇಡ, ಇನ್ನು ಒಂದು ದಿನದ ಕೆಲಸ ಇದೆ, ನಿಮ್ಮವರಿಗೆ ಪತ್ರ ಬರೆಯುತ್ತಿದ್ದೇನೆ ಎಂದಿದ್ದರಂತೆ.

"ಅವ್ರು ಗೀಟು ಎಳೂದು ಕಾಗದದ ಮೇಲೆ, ದಾಸಣ್ಣ. ನಮ್ದು ತೆರೆ ಮೇಲೆ," ಎಂದು ಕುಪ್ಪ ನಕ್ಕ. ಆಮೇಲೆ ನಗು ಬಿಟ್ಟು ಕೇಳಿದ: "ಎಂತ ಮಾಡೂದು ಹೇಳಿ. ನೀವು ಹೂಂ ಅಂದ್ರೆ ನಾ ಹೋಗ್ತೆ. ಹೋದ ವರ್ಷನೂ ನೀವು ಹೂಂ ಅಂದಿರಿ ಹೇಳೇ ನಾ ದೋಣಿ ಬಿಟ್ಟದ್ದು."

ಫೋನಿನ ಮಾತು ಕೋಣೆಗೆಲ್ಲ ಕೇಳುವಷ್ಟು ದೊಡ್ಡದಾಗಿತ್ತು. ಅಮಿತಾ ಕತ್ತೆತ್ತಿ ಮಾವನನ್ನು ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆಂದು ತುಳಸಿದಾಸರು ಫೋನು ಇಟ್ಟರು.

ಗಂಡ ತಾನಾಗಿಯೇ ಒಪ್ಪಿಕೊಂಡು ಹೋದನೆಂದೇ ಅವಳು ಒಂದು ವರ್ಷದಿಂದ ನಂಬಿದ್ದಳು. ಬಂದವರ ಮುಂದೆ ಎಷ್ಟೋ ಸಲ ಅಂದಿದ್ದಳು, ಬೇಡ ಅನ್ನಲು ಅವರಿಗೆ ಬಾಯಿ ಇರಲಿಲ್ಲವೇ, ಮನೆಯಲ್ಲಿ ನಾನೊಬ್ಬಳು ಇದ್ದೇನೆಂಬ ನೆನಪಾದರೂ ಬೇಡವೇ ಎಂದು. ಹಾಗೆ ಅಂದಾಗಲೆಲ್ಲ ತುಳಸಿದಾಸರು ಪಕ್ಕದಲ್ಲಿಯೇ ತಲೆ ತಗ್ಗಿಸಿ ಕೂತಿರುತ್ತಿದ್ದರು. ದುಃಖಕ್ಕೆ ಹಾಗೆ ಕೂತಿದ್ದಾರೆಂದು ಜನ ತಿಳಿಯುತ್ತಿದ್ದರು.

ಅವರು ಎದ್ದು ದೇವರ ಕೋಣೆಗೆ ಹೋದರು. ಪೀಠದ ಮೇಲಿನ ಸ್ತೋತ್ರದ ಪುಸ್ತಕ ತೆರೆದು, ನಡುವಿನಿಂದ ನಾಲ್ಕಾಗಿ ಮಡಿಸಿದ ಒಂದು ಹಾಳೆ ತೆಗೆದರು. ತಂದು ಸೊಸೆಯ ಮುಂದೆ ಬಿಡಿಸಿಟ್ಟರು.

"ಇದನ್ನೇ ಟೈಪು ಮಾಡು. ತಾರೀಖು ಬದಲಿಸು. ಕೆಂಪಿನಲ್ಲಿ ತಿದ್ದಿದ್ದು ಬಿಡು, ಮೊದಲು ಇದ್ದ ಹಾಗೇ ಇರ್ಲಿ."

ಹೋದ ವರ್ಷ ಸುಜಯ ಕಂಪನಿಗೆ ಬರೆದು, ಕಳಿಸುವ ಮೊದಲು ಅಪ್ಪ ಒಮ್ಮೆ ನೋಡಲಿ ಎಂದು ಪ್ರಿಂಟು ತೆಗೆದುಕೊಟ್ಟ ಪತ್ರ ಅದು. ಐದನೆಯ ಸಾಲಿನಲ್ಲಿ ಅವನು ಈ ಕೆಲಸ ನಾವು ಮಾಡುವುದಿಲ್ಲ ಎಂದು ಬರೆದಿದ್ದ. ಅದರ ಮೇಲೂ ಅದರ ಕೆಳಗಿನ ಸಾಲುಗಳ ಮೇಲೂ ಅಳತೆಪಟ್ಟಿ ಇಟ್ಟು ಎಳೆದಂಥ ಕೆಂಪು ಗೀಟು ಇತ್ತು. ಬದಿಯಲ್ಲಿ ತುಳಸಿದಾಸರ ಗುಂಡಗಿನ ಅಕ್ಷರ: ಹವೆ ಅನುಕೂಲವಾದರೆ ಪ್ರಯತ್ನಿಸುತ್ತೇವೆ.

ಅಮಿತಾ ಅದನ್ನು ಎರಡು ಸಲ ಓದಿದಳು.

"ದೊಡ್ಡವರಿಗೆ ಇಲ್ಲ ಹೇಳಿ ಬರೀಬಾರ್ದು ಹೇಳಿ ನಾನೇ ತಿದ್ದಿದೆ," ಎಂದರು ತುಳಸಿದಾಸರು. "ಹವೆ ಅನುಕೂಲ ಆಗೂದಿಲ್ಲ, ಅಲ್ಲಿಗೆ ಮುಗೀತದೆ ಅಂದ್ಕೊಂಡೆ. ಎರಡು ದಿನ ಬಿಸಿಲು ಬಿತ್ತು. ಇವತ್ತು ಅನುಕೂಲ ಇದೆಯಲ್ಲ ಹೇಳಿ ಅವ್ರು ಫೋನು ಮಾಡಿದ್ರು. ಬರೆದುಕೊಟ್ಟ ಮೇಲೆ ಹ್ಯಾಗೆ ಬಿಡೂದು, ಹೋಗಿ ಬಾ ಅಂದೆ. ಅಂವ ಎದುರು ಮಾತಾಡ್ಲಿಲ್ಲ."

ಅವಳು ಹಾಳೆಯನ್ನು ಹತ್ತಿರ ಎಳೆದುಕೊಂಡಳು. ಟೈಪು ಮಾಡತೊಡಗಿದಳು. ಇಂಗ್ಲಿಷಿನ ಆ ಪತ್ರ ಕನ್ನಡದಲ್ಲಿ ಹೀಗಾಗುತ್ತದೆ:

"ಮಾನ್ಯರೇ, ತಮ್ಮ ಪತ್ರ ತಲುಪಿತು. ಕಾರ್ಯಾದೇಶದ ಪ್ರಕಾರ ನಲವತ್ತೆರಡು ಗೆರೆಗಳ ಅಳತೆ ಮುಗಿದಿದೆ. ನಕ್ಷೆಗಳನ್ನು ಜೂನ್ ಹತ್ತರೊಳಗೆ ತಲುಪಿಸುತ್ತೇವೆ. ತಾವು ಈಗ ಕೇಳಿದ ನಾಲ್ಕು ಗೆರೆಗಳು ಮೂರು ಮೀಟರಿಗಿಂತ ಕಡಿಮೆ ಆಳದಲ್ಲಿದ್ದು, ಒಪ್ಪಿದ ಕೆಲಸದ ವ್ಯಾಪ್ತಿಯ ಹೊರಗಿವೆ. ಈ ಕೆಲಸ ನಾವು ಮಾಡುವುದಿಲ್ಲ. ಈ ಹಂಗಾಮಿನಲ್ಲಿ ನಮ್ಮ ಜನರಾಗಲಿ, ಯಂತ್ರವಾಗಲಿ, ನಾವು ಗೊತ್ತುಮಾಡಿದ ದೋಣಿಯಾಗಲಿ ಅಲ್ಲಿಗೆ ಹೋಗುವುದಿಲ್ಲ. ಮಳೆಗಾಲ ಕಳೆದು ಸಮುದ್ರ ಶಾಂತವಾದ ಮೇಲೆ, ಬೇರೆಯೇ ಕಾರ್ಯಾದೇಶ ಕೊಟ್ಟರೆ, ಅಕ್ಟೋಬರಿನಲ್ಲಿ ಸಂತೋಷದಿಂದ ಮಾಡಿಕೊಡುತ್ತೇವೆ. ವಂದನೆಗಳು."

ಗೆರೆಗಳ ಲೆಕ್ಕ ಮತ್ತು ತಾರೀಖು ಬಿಟ್ಟರೆ ಅವಳು ಒಂದು ಶಬ್ದವನ್ನೂ ಬದಲಿಸಿರಲಿಲ್ಲ. ಕೆಳಗೆ ಮಾವನ ಹೆಸರು ಹಾಕಿ, ಅವರನ್ನು ಕೇಳದೆ ಕಳಿಸಿಬಿಟ್ಟಳು.

ಕಾಲು ಗಂಟೆಯೊಳಗೆ ರಾಮನಾಥರು ಫೋನು ಮಾಡಿದರು. ಮೊದಲು ಆರೋಗ್ಯದ ವಿಚಾರಣೆ, ಮಳೆಯ ಸುದ್ದಿ. ಆಮೇಲೆ, ಪತ್ರ ಸ್ವಲ್ಪ ಬಿರುಸಾಗಿದೆ, ಬರೆದವರು ಯಾರು ಎಂದು ಕೇಳಿದರು. ನನ್ನ ಮಗ ಎಂದರು ತುಳಸಿದಾಸರು. ರಾಮನಾಥರು ಆ ಮಾತನ್ನು ಮುಂದುವರಿಸದೆ, ಅಕ್ಟೋಬರಿನವರೆಗೆ ಕಾಯಲು ಆಗುವುದಿಲ್ಲ, ಮುಂದಿನ ಕೆಲಸಗಳಿಗೆ ಬೇರೆ ತಂಡ ನೋಡಬೇಕಾದೀತು ಎಂದರು. ನೋಡಿಕೊಳ್ಳಿ, ಆದರೆ ಆ ತಂಡವನ್ನೂ ಈಗ ಅಲ್ಲಿಗೆ ಇಳಿಸಬೇಡಿ ಎಂದು ತುಳಸಿದಾಸರು ಹೇಳುವಷ್ಟರಲ್ಲಿ ಫೋನು ಕಡಿದಿತ್ತು.

ಕುಪ್ಪನಿಗೆ ಅಮಿತಾಳೇ ಫೋನು ಮಾಡಿದಳು. "ದೋಣಿ ಮೇಲೆ ಎಳೀರಿ ಕುಪ್ಪಣ್ಣ. ಹೋಗೂದು ಬೇಡ." ಆ ಕಡೆಯಿಂದ ಅವನು ಜನರನ್ನು ಕೂಗಿ ಕರೆಯುವುದು, ದೋಣಿಯ ಅಡಿಗೆ ಮರದ ತುಂಡು ಇಡಿರೆಂದು ಬೈಯುವುದು ಕೇಳಿತು.

ತುಳಸಿದಾಸರು ಹಾಳೆಗಾಗಿ ಕೈ ಚಾಚಿದರು. ಅಮಿತಾ ಕೊಡಲಿಲ್ಲ.

"ವರ್ಷ ಪೂರ್ತಿ ನಾ ಅವ್ರಿಗೆ ಬೈದೆ," ಎಂದಳು. "ನೀವು ಕೂತು ಕೇಳಿದಿರಿ."

ಹಾಳೆಯನ್ನು ಮಡಿಸಿದ ಗೆರೆಯಲ್ಲಿಯೇ ಮಡಿಸಿ, ಅದನ್ನು ಹಿಡಿದುಕೊಂಡು ಒಳಗೆ ಹೋದಳು.

ಸಂಜೆ ತುಳಸಿದಾಸರು ದೀಪ ಹಚ್ಚಿದರು. ದಿನಾ ಪಕ್ಕದಲ್ಲಿ ಕೂತು ದನಿಗೂಡಿಸುತ್ತಿದ್ದ ಸೊಸೆ ಬರಲಿಲ್ಲ. ಅವಳ ಕೋಣೆಯ ಬಾಗಿಲು ಮುಚ್ಚಿತ್ತು. ಅವರು ಪುಸ್ತಕವನ್ನು ಕೈಗೆತ್ತಿಕೊಂಡರು. ಒಂದು ವರ್ಷ ಹಾಳೆ ಕೂತಿದ್ದ ಜಾಗದಲ್ಲಿಯೇ ಅದು ತಾನಾಗಿ ತೆರೆದುಕೊಂಡಿತು. ಮೊದಲಿನ ಪುಟಕ್ಕೆ ತಿರುಗಿಸಿದರು. ಕೈ ಸಡಿಲಿಸಿದೊಡನೆ ಮತ್ತೆ ಅಲ್ಲಿಗೇ ಬಂತು. ಕೊನೆಗೆ ಅದನ್ನು ಮುಚ್ಚಿಟ್ಟು, ಬಾಯಿಪಾಠ ಇದ್ದಷ್ಟನ್ನು ಒಬ್ಬರೇ ಹೇಳಿದರು.