ಒಬ್ಬರೇ ಅಜ್ಜಗಳು

ಮಣಿಪಾಲದ ವಾಕ್ ಚಿಕಿತ್ಸಾ ಕೊಠಡಿಯಲ್ಲಿ ಹರಿಣಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು. ಐದು ವರ್ಷದ ಮಗಳು ಚೈತಾಲಿ ಮಾತಿನಲ್ಲಿ ಹಿಂದೆ ಎಂದು ಶಾಲೆಯವರು ಹೇಳಿದ್ದರು. ಇಲ್ಲಿಯ ಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಅವಳನ್ನು ಮುಂದಿನ ತರಗತಿಗೆ ಕಳಿಸುವುದಿಲ್ಲ.

ಚಿಕಿತ್ಸಕಿ ಸಿಂಥಿಯಾ ಚಿತ್ರವೊಂದನ್ನು ತೋರಿಸಿದಳು. ಊರುಗೋಲು ಹಿಡಿದ ಒಬ್ಬ ಮುದುಕ.

"ಇದು ಯಾರು ಪುಟ್ಟಿ?"

"ಅಜ್ಜಗಳು."

ಇನ್ನೊಂದು ಚಿತ್ರ. ಕಟ್ಟೆಯ ಮೇಲೆ ನಾಲ್ವರು ಮುದುಕರು.

"ಇವರು?"

"ಅಜ್ಜಗಳು."

ಒಬ್ಬ ಟೀಚರ್ ಇದ್ದರೂ ಟೀಚರ್‌ಗಳು, ಮೂವರಿದ್ದರೂ ಟೀಚರ್‌ಗಳು. ಸಿಂಥಿಯಾ ಹಾಳೆಯ ಮೇಲೆ ಏನೋ ಬರೆದುಕೊಂಡಳು. "ಒಂದಕ್ಕೂ ಹಲವಕ್ಕೂ ವ್ಯತ್ಯಾಸ ಇವಳಿಗೆ ಗೊತ್ತಾಗುವುದಿಲ್ಲ ಅಂತ ಕಾಣ್ತದೆ. ಥೆರಪಿ ಬೇಕಾದೀತು ಅಕ್ಕ."

ಹರಿಣಾಕ್ಷಿಗೆ ತಟ್ಟನೆ ಹೊಳೆಯಿತು. 'ಅಜ್ಜಗಳು' ಎಂಬ ಮಾತು ಮಗುವಿನದಲ್ಲ, ತನ್ನದು. ಕಾಪುವಿನ ಮನೆಯಲ್ಲಿ ಎಲ್ಲರದೂ ತುಳು. ಮಗಳು ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ಇವಳೊಬ್ಬಳು ಕನ್ನಡ ಹಿಡಿದಿದ್ದಳು. ಗುರುಗಳು, ಸ್ವಾಮಿಗಳು ಎಂದು ಕೇಳಿ ಕೇಳಿ, ಹಿರಿಯರಿಗೆ 'ಗಳು' ಸೇರಿಸುವುದೇ ಮರ್ಯಾದೆ ಎಂದುಕೊಂಡಿದ್ದಳು. ಮಾವ ಭೋಜಣ್ಣ ಮೀನು ಮಾರಿ ಬಂದರೆ "ಅಜ್ಜಗಳು ಬಂದರು, ನೀರು ಕೊಡು" ಎನ್ನುತ್ತಿದ್ದಳು. ಮಗು ತುಳುವಿನಲ್ಲಿ ಉತ್ತರಿಸಿದರೆ ತುಟಿಯ ಮೇಲೆ ಬೆರಳಿಟ್ಟು "ಶ್! ಕನ್ನಡ!" ಎನ್ನುತ್ತಿದ್ದಳು.

ಹೇಳಿದರೆ ಸಿಂಥಿಯಾ ನಗಬಹುದು. ಹೇಳದಿದ್ದರೆ ತಪ್ಪು ಮಗುವಿನ ತಲೆಗೆ ಬರುತ್ತದೆ.

"ಡಾಕ್ಟ್ರೇ, ಅದು ನಾನು ಕಲಿಸಿದ್ದು. ಮನೆಯಲ್ಲಿ ಮಾವಂದಿರು ಒಬ್ಬರೇ ಇರುವುದು. ಆದರೂ ನಾನು ಅವರಿಗೆ ಅಜ್ಜಗಳು ಅಂತಲೇ ಹೇಳುವುದು." 'ಮಾವಂದಿರು' ಬಾಯಿಂದ ಜಾರಿದ ಮೇಲೆ ಸಿಂಥಿಯಾಳ ಮುಖ ನೋಡಿ ಹರಿಣಾಕ್ಷಿಗೆ ಅದೂ ತಪ್ಪೆಂದು ತಿಳಿಯಿತು. ತಲೆ ತಗ್ಗಿಸಿದಳು.

ಸಿಂಥಿಯಾ ನಗಲಿಲ್ಲ. "ಮನೆಯಲ್ಲಿ ತುಳುವಾ? ಮೊದಲೇ ನಾನು ಕೇಳಬೇಕಿತ್ತು." ಮತ್ತೆ ಮೊದಲ ಚಿತ್ರ ತೆಗೆದಳು. "ಮುಲ್ಪ ಏರ್ ಉಲ್ಲೆರ್?"

ಇಲ್ಲಿ ಯಾರಿದ್ದಾರೆಂಬ ಪ್ರಶ್ನೆ ಕೇಳಿ ಚೈತಾಲಿ ಹೆದರಿ ಅಮ್ಮನನ್ನು ನೋಡಿದಳು. ಅಮ್ಮ ತಲೆಯಾಡಿಸಿದ ಮೇಲೆ ಮೆಲ್ಲಗೆ ಹೇಳಿದಳು, "ಒರಿ ಅಜ್ಜೆರ್."

ಎರಡನೆಯದಕ್ಕೆ, "ನಾಲ್ವೆರ್!"

ಒಬ್ಬರು, ನಾಲ್ವರು. ಒಂದೂ ತಪ್ಪಲಿಲ್ಲ.

"ಇವಳಿಗೆ ಎಂತ ತೊಂದರೆಯೂ ಇಲ್ಲ," ಎಂದಳು ಸಿಂಥಿಯಾ. "ಶಾಲೆಗೆ ಬರೆದು ಕೊಡ್ತೇನೆ. ಮನೆಯಲ್ಲಿ ತುಳುವೇ ಮಾತಾಡಿ ಅಕ್ಕ. ಕನ್ನಡ ನಿಧಾನಕ್ಕೆ ಬರ್ತದೆ."

ಹರಿಣಾಕ್ಷಿ ಕೈಮುಗಿದು ಎದ್ದಳು. ಹೊರಗೆ ವರಾಂಡದಲ್ಲಿ ಮಗಳ ಮುಂದೆ ಮೊಣಕಾಲೂರಿ ಕುಳಿತಳು.

"ತುಳುಟೇ ಪಾತೆರ್ಲ ಬಾಲೆ," ಎಂದಳು, ಇನ್ನು ತುಳುವಿನಲ್ಲೇ ಮಾತಾಡು ಮಗು ಎಂದು.

ಮಗು ಏನೋ ಹೇಳಲು ಬಾಯಿ ತೆರೆಯಿತು. ಅಮ್ಮನ ಮುಖ ನೋಡಿತು. ಆಮೇಲೆ ತನ್ನ ಪುಟ್ಟ ಬೆರಳನ್ನು ತಾನೇ ತುಟಿಯ ಮೇಲೆ ಇಟ್ಟುಕೊಂಡಿತು.