ಒಂಬತ್ತನೆಯ ಪಾವಟಿಗೆ

ಮೂರನೆಯ ಪಾವಟಿಗೆಯ ಮೇಲೆ ಬಲಗಾಲಿಟ್ಟು ದೇವಕ್ಕ ಮೈಯನ್ನು ಮೇಲಕ್ಕೆತ್ತಿದಳು. ಮೊಣಕಾಲಿನೊಳಗೆ ಕಟಕಟ ಸದ್ದಾಯಿತು. ಆಮೇಲೆ ನೋವು ತೊಡೆಯತನಕ ಏರಿ ಬಂತು. ಎರಡೂ ಅಂಗೈ ಗೋಡೆಗೊತ್ತಿ ನಿಂತಳು.

"ಎಲ್ಲಿಗೆ ಬಂದೀಬೇ?" ಮೇಲಿನ ಖಿಡಕಿಯಿಂದ ನಾಗರತ್ನಾ ಕೂಗಿದಳು.

"ಮೂರಕ್ಕ."

"ಇನ್ನ ಹದಿನಾಕು ಅದಾವ. ಸಂಜಿ ಚಾಕ್ಕ ಬರ್ತಿ ಬಿಡು."

"ನಗಸಬ್ಯಾಡಬೇ ನಾಗಿ, ಬಿದ್ದಗಿದ್ದೇನು."

ಬೀಳದೆ ಇಳಿದಳು. ಕೆಳಗಿನ ಕಟ್ಟೆಯ ಮೇಲೆ ಕುಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಬೈಲಹೊಂಗಲದ ಆ ಓಣಿಯಲ್ಲಿ ನಾಗರತ್ನಾಳದೊಂದೇ ಮಾಳಿಗೆಯ ಮನೆ. ಕೆಳಗೆ ಅವಳ ಮಗ ಸಂಜುವಿನ ಬಿತ್ತನೆ ಬೀಜದ ಅಂಗಡಿ, ಮೇಲೆ ಸಂಸಾರ, ನಡುವೆ ಹೊರಗೋಡೆಗೆ ಅಂಟಿಕೊಂಡ ಹದಿನೇಳು ಕಲ್ಲಿನ ಪಾವಟಿಗೆಗಳು. ಮೂವತ್ತು ವರ್ಷ ದೇವಕ್ಕ ಅವನ್ನು ಲೆಕ್ಕವಿಲ್ಲದಷ್ಟು ಸಲ ಹತ್ತಿದ್ದಳು. ಮಧ್ಯಾಹ್ನ ಮನೆಗೆಲಸ ಮುಗಿದರೆ ಅಲ್ಲೇ, ನಾಗರತ್ನಾಳ ಪಡಸಾಲೆಯಲ್ಲಿ. ಇಬ್ಬರೂ ಎದುರುಬದುರು ಕುಂತು ಕೌದಿ ಹೊಲಿಯುತ್ತಿದ್ದರು.

ಎರಡು ವರ್ಷದಿಂದ ಅದು ನಿಂತಿತ್ತು. ದೇವಕ್ಕನಿಗೆ ಹತ್ತಲು ಆಗದು, ನಾಗರತ್ನಾಳಿಗೆ ಇಳಿಯಲು ಆಗದು. ಅವಳವೂ ಸವೆದ ಮೊಣಕಾಲುಗಳೇ. ಏರುವುದಕ್ಕಿಂತ ಇಳಿಯುವುದೇ ಅವಳ ಜೀವ ಹಿಂಡುತ್ತಿತ್ತು. ಒಮ್ಮೆ ದವಾಖಾನೆಯಲ್ಲಿ ಮೊಣಕಾಲಿನ ಎಕ್ಸ್‌ರೇ ಫೋಟೋ ತೆಗೆಸಲೆಂದು ಸಂಜು ಮತ್ತು ಹಮಾಲ ಲಗಮಣ್ಣ ಅವಳನ್ನು ಕುರ್ಚಿಯ ಮೇಲೆ ಕೂಡಿಸಿ ಹೊತ್ತು ಇಳಿಸಿದ್ದರು. ಇಡೀ ಓಣಿ ಬಾಗಿಲಿಗೆ ಬಂದು ನೋಡಿತ್ತು. ಆವತ್ತು ಅತ್ತ ನಾಗರತ್ನಾ ಮತ್ತೆ ಹೊಸ್ತಿಲು ದಾಟಿರಲಿಲ್ಲ.

ಮೇಲೆ ಅರ್ಧ ಹೊಲಿದ ಒಂದು ಕೌದಿ ಉಳಿದಿತ್ತು. ದೇವಕ್ಕನ ತಾಯಿ ಉಟ್ಟು ಬಿಟ್ಟ ಇಳಕಲ್ ಸೀರೆಗಳದು. ನಾಗರತ್ನಾ ತನ್ನ ಬದಿ ಮುಗಿಸಿ, ದೇವಕ್ಕನ ಬದಿಗೆ ಸೂಜಿ ಚುಚ್ಚಿ ಹಾಗೇ ಮಡಚಿ ಇಟ್ಟಿದ್ದಳು. "ನಿನ್ನ ಹೊಲಿಗಿ ನೀನೇ ಹೊಲಿ. ನಿನ್ನ ಟಾಕಿ ಉದ್ದ, ನನ್ನವು ಗಿಡ್ಡ. ಕೂಡೂದಿಲ್ಲ," ಎನ್ನುತ್ತಿದ್ದಳು ಖಿಡಕಿಯಿಂದ.

ಖಿಡಕಿಯಿಂದ ಹಗ್ಗ ಇಳಿಯಿತು, ಹಗ್ಗದ ತುದಿಗೆ ಬುಟ್ಟಿ. ದೇವಕ್ಕನ ಸೋಮವಾರದ ಉಪವಾಸಕ್ಕೆ ನಾಗರತ್ನಾ ತಪ್ಪದೆ ಇಳಿಸುವ ಬುಟ್ಟಿ ಅದು. ತುಪ್ಪದಲ್ಲಿ ಹುರಿದ ಸಾಬೂದಾಣಿ ಖಿಚಡಿ, ಮೇಲೆ ಕೈತುಂಬ ಶೇಂಗಾ ಪುಡಿ, ಎರಡು ಶೇಂಗಾ ಉಂಡಿ, ಬಾಳೆಹಣ್ಣು. ದೇವಕ್ಕ ಮೇಲೆ ಕಾಣುವ ಹಾಗೆ ಕಟ್ಟೆಯ ಮೇಲೆ ಕುಂತು ಉಣ್ಣಬೇಕು. ಮೇಲಿನವಳು ಗಲ್ಲಕ್ಕೆ ಕೈಯೂರಿ ನೋಡಬೇಕು. ಇಬ್ಬರಿಗೂ ಉಳಿದ ಭೇಟಿ ಅಷ್ಟೇ.

ಸರ್ಕಾರಿ ದವಾಖಾನೆಯ ಎಲುಬಿನ ಡಾಕ್ಟರ್ ಪ್ರಿಯಂವದಾ ಯುಗಾದಿಗೆ ಮುಂಚೆಯೇ ದೇವಕ್ಕನ ಮೊಣಕಾಲಿನ ಫೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದ್ದರು. "ಇಲ್ಲಿ ನೋಡ್ರಿ ಅಮ್ಮಾರ, ಎರಡು ಎಲುಬಿನ ನಡುವ ಒಳಬದಿ ಸಂದು ಹೆಂಗ ಸಣ್ಣ ಆಗೇತಿ. ನಡುವಿನ ಮೆತ್ತನ ಹಾಸು ಸವದದ. ಅದು ಮತ್ತ ಬೆಳಿಯೂದಿಲ್ಲ. ಆದರ ಅದರ ಮ್ಯಾಲಿನ ಭಾರ ಇಳಸಾಕ ಬರ್ತದ. ಎಂಬತ್ತೆರಡು ಕಿಲೋ ಅದೀರಿ. ಒಂದು ಕಿಲೋ ಇಳಿದರ ಒಂದೊಂದು ಹೆಜ್ಜಿಗೂ ಮೊಣಕಾಲ ಮ್ಯಾಲ ನಾಕು ಕಿಲೋ ಕಡಿಮಿ ಆದಂಗ."

"ಅಂದ್ರ ತೆಳ್ಳನ ಹುಡಿಗಿ ಆಗಬೇಕೇನ್ರಿ?"

"ಹುಡಿಗಿ ಯಾಕ್ರಿ? ನಾಕೈದು ಕಿಲೋ ಸಾಕು. ದಿನಾ ಕುರ್ಚಿ ಮ್ಯಾಲ ಕುಂತು ಕಾಲು ನೆಟ್ಟಗ ಚಾಚಿ ಹತ್ತು ಎಣಸ್ರಿ. ತೊಡಿ ಗಟ್ಟಿ ಆದರ ಮೊಣಕಾಲಿಗೆ ಆಸರ ಆಗತೈತಿ."

ನಾಲ್ಕೈದು ಕಿಲೋ! ದೇವಕ್ಕ ಅಂದೇ ಗುರುವಾರದ ಉಪವಾಸವನ್ನೂ ಹಿಡಿದಳು. ಸೋಮವಾರ ಶಿವನಿಗೆ, ಗುರುವಾರ ಮೊಣಕಾಲಿಗೆ. ಸುದ್ದಿ ಕೇಳಿ ನಾಗರತ್ನಾ ಮರುಗಿ, ಗುರುವಾರಕ್ಕೂ ಬುಟ್ಟಿ ಇಳಿಸತೊಡಗಿದಳು. ಒಂದೂವರೆ ತಿಂಗಳು ಕಳೆದು ದವಾಖಾನೆಯ ತಕ್ಕಡಿಯ ಮೇಲೆ ನಿಂತರೆ ಮುಳ್ಳು ಎಂಬತ್ತಮೂರು ತೋರಿಸಿತು.

"ತಕ್ಕಡಿ ಕೆಟ್ಟೇತಿ," ಎಂದಳು ದೇವಕ್ಕ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಉಪಾಸದ ದಿನ ಏನ್ ತಿಂತೀರಿ?"

ಅವಳು ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಸಾಬೂದಾಣಿ, ತುಪ್ಪ, ಶೇಂಗಾ, ಉಂಡಿ... ಡಾಕ್ಟರು ನಗಲಿಲ್ಲ. "ಇದು ನಿಮ್ಮ ದಿನದ ಊಟಕ್ಕಿಂತ ಜಡ ಆತಲ್ರಿ. ಉಪಾಸದ ದಿನಾನೇ ನೀವು ಹೆಚ್ಚು ಉಣ್ಣಾಕತ್ತೀರಿ. ಯಾರು ಮಾಡಿ ಕೊಡ್ತಾರ ಇದನ್ನ?"

"ಒಬ್ಬಾಕಿ ಗೆಳತಿ," ಎಂದು ದೇವಕ್ಕ ತಲೆ ತಗ್ಗಿಸಿದಳು.

ಗುರುವಾರದ್ದನ್ನು ಬಿಟ್ಟಳು. ಸೋಮವಾರ ಮಜ್ಜಿಗೆ, ಒಂದು ಪೇರಲಹಣ್ಣು, ಹೊತ್ತು ಮುಳುಗಿದ ಮೇಲೆ ಒಂದು ರೊಟ್ಟಿ, ಕಾಳಿನ ಪಲ್ಯ. ಉಳಿದ ದಿನ ಮೂರು ರೊಟ್ಟಿಯ ಬದಲು ಎರಡು, ಚಹಾಕ್ಕೆ ಸಕ್ಕರೆ ಇಲ್ಲ. ಬುಟ್ಟಿ ಬೇಡವೆನ್ನಲು ಮಾತ್ರ ಬಾಯಿ ಬರಲಿಲ್ಲ. ಕಟ್ಟೆಯ ಮೇಲೆ ಕುಂತು ಎರಡು ಚಮಚ ಬಾಯಿಗಿಟ್ಟು ಮೇಲೆ ನೋಡಿ ನಕ್ಕು, ಉಳಿದದ್ದನ್ನು ಮನೆಯಲ್ಲಿ ಉಣ್ಣುವುದಾಗಿ ಹೇಳಿ ಮುಚ್ಚಿ ತಂದು ಪಕ್ಕದ ಮನೆಯ ರಾಯವ್ವನಿಗೆ ಕೊಡುತ್ತಿದ್ದಳು. ನಾಗರತ್ನಾ ಖುಷಿಯಿಂದ ಖಾಲಿ ಬುಟ್ಟಿ ಎಳೆದುಕೊಳ್ಳುತ್ತಿದ್ದಳು. ಆ ಖುಷಿಯನ್ನು ಕಂಡಾಗ ದೇವಕ್ಕನಿಗೆ ಮೊಣಕಾಲಿಗಿಂತ ಬೇರೆ ಕಡೆ ನೋಯುತ್ತಿತ್ತು.

ಶ್ರಾವಣದ ಹೊತ್ತಿಗೆ ಮುಳ್ಳು ಎಪ್ಪತ್ತೆಂಟಕ್ಕೆ ಬಂತು. ಎಂಬತ್ತೆರಡರಿಂದ ನಾಲ್ಕು ಕಿಲೋ ಇಳಿದಿತ್ತು. ಹೆಜ್ಜೆಗೆ ಹದಿನಾರು ಕಿಲೋ. ಬೆಳಿಗ್ಗೆ ಎದ್ದಾಗಿನ ಬಿಗುವು ಈಗಲೂ ಇತ್ತು, ಆದರೆ ಹಲ್ಲುಜ್ಜುವಷ್ಟರಲ್ಲಿ ಸಡಿಲುತ್ತಿತ್ತು. ಬಸ್ಸು ಹತ್ತುವಾಗ ಕಂಡಕ್ಟರನ ಕೈ ಬೇಕಾಗುತ್ತಿರಲಿಲ್ಲ.

ಆ ಸೋಮವಾರ ಹೇಳದೆ ಕೇಳದೆ ಪಾವಟಿಗೆಗೆ ಬಂದಳು. ಎಡಗೈಯಲ್ಲಿ ಕೋಲು. ಡಾಕ್ಟರು ಕಲಿಸಿದಂತೆ ನೋಯದ ಎಡಗಾಲು ಮೊದಲು, ಹಿಂದಿನಿಂದ ಬಲಗಾಲು. ಮೂರು. ಐದು. ಆರರಲ್ಲಿ ನಿಂತು ಉಸಿರು ತಗೊಂಡಳು. ಒಂಬತ್ತನೆಯದು ಅಗಲವಾದ ಕಲ್ಲು. ಅಲ್ಲಿ ಪಾವಟಿಗೆ ಹೊರಳುತ್ತಿತ್ತು. ಹೊರಳಿದಳು.

ಮೇಲೆ, ಎಂಟು ಪಾವಟಿಗೆಯಾಚೆ, ತೆರೆದ ಬಾಗಿಲಲ್ಲಿ ನಾಗರತ್ನಾ ಕುರ್ಚಿಯ ಮೇಲೆ ಕುಂತು ಬುಟ್ಟಿಗೆ ಹಗ್ಗ ಕಟ್ಟುತ್ತಿದ್ದಳು. ಖಿಡಕಿಯಲ್ಲಿ ಬರೀ ಮುಖ ಕಾಣುತ್ತಿತ್ತು. ಈಗ ಇಡೀ ನಾಗರತ್ನಾ. ಬೈತಲೆಯ ಎರಡೂ ಕಡೆ ಪೂರಾ ಬಿಳಿ, ಕಾಲಿಗೆ ಬಾವು. ಹಿಂದೆ ಮಂಚದ ಮೇಲೆ ಮಡಚಿದ ಕೌದಿ, ಅವ್ವನ ಸೀರೆಯ ಕೆಂಪು ಸೆರಗು ಮೇಲಕ್ಕೆ.

"ಯವ್ವಾ!" ನಾಗರತ್ನಾಳ ಕೈಯಿಂದ ಹಗ್ಗ ಜಾರಿತು. "ಯಾರು ಹೊತ್ತು ತಂದ್ರಬೇ ನಿನ್ನ?"

"ನಾನೇ ಹೊತ್ತಕೊಂಡು ಬಂದೆ."

ಇಬ್ಬರೂ ನಕ್ಕರು. ನಕ್ಕು ನಕ್ಕು ನಾಗರತ್ನಾ ಕಣ್ಣೊರೆಸಿಕೊಂಡಳು. ದೇವಕ್ಕ ಹತ್ತನೆಯದರ ಮೇಲೆ ಕಾಲಿಟ್ಟಳು. ಮೊಣಕಾಲು ಚುಚ್ಚಿತು. ಹಿಂದಕ್ಕಿಟ್ಟಳು.

"ಸಾಕು, ಸಾಕು. ಅಲ್ಲೇ ಕುಂದ್ರು," ನಾಗರತ್ನಾ ಗಡಿಬಿಡಿಯಿಂದ ಬುಟ್ಟಿಯನ್ನು ಪಾವಟಿಗೆಯಗುಂಟ ಕೆಳಕ್ಕೆ ಬಿಡತೊಡಗಿದಳು. "ಮುಂಜಾನಿಂದ ಬಾಯಾಗ ನೀರಿಲ್ಲ ನಿನಗ. ಬಿಸಿ ಅದ, ಉಣ್ಣು. ಉಳಿದದ್ದು ಮುಂದಿನ ಸೋಮವಾರ ಹತ್ತೀಯಂತ. ನೀ ಅಲ್ಲಿ, ನಾ ಇಲ್ಲಿ, ಚಂದ ಮಾತಾಡೂಣು."

ಬುಟ್ಟಿ ಬಂದು ದೇವಕ್ಕನ ಕಾಲಿಗೆ ತಾಗಿ ನಿಂತಿತು. ತುಪ್ಪದ ವಾಸನೆ, ಹುರಿದ ಶೇಂಗಾದ ವಾಸನೆ. ಬಾಯಲ್ಲಿ ನೀರೂರಿತು. ಮೇಲೆ ನಾಗರತ್ನಾ ಆಗಲೇ ಗಲ್ಲಕ್ಕೆ ಕೈಯೂರಿ ನೋಡತೊಡಗಿದ್ದಳು. ಅವಳ ಹಿಂದೆ ಕೌದಿಯಲ್ಲಿ ಚುಚ್ಚಿದ ಸೂಜಿ ಬಿಸಿಲಿಗೆ ಮಿಂಚಿತು.

"ಇಷ್ಟು ದಿನ ನಾ ಇದನ್ನ ರಾಯವ್ವಗ ಕೊಟ್ಟೇನಿ ನಾಗಿ," ಎಂದಳು ದೇವಕ್ಕ.

ನಾಗರತ್ನಾಳ ಮುಖ ಬಾಡಿತು. "ಚಲೋ ಆಗ್ತಿರಲಿಲ್ಲೇನು?"

"ಭಾಳ ಚಲೋ ಆಗ್ತಿತ್ತು."

"ಹಂಗಿದ್ರ ಇವತ್ತೊಂದಿನ ಉಣ್ಣು. ನನ್ನ ಕಣ್ಣ ಮುಂದ. ಒಂದು ತುತ್ತು."

ದೇವಕ್ಕ ಕೋಲಿನ ತುದಿಯಿಂದ ಬುಟ್ಟಿಯನ್ನು ಬದಿಗೆ ಸರಿಸಿ, ಎಡಗಾಲನ್ನು ಹತ್ತನೆಯದರ ಮೇಲಿಟ್ಟಳು.

"ಉಣ್ಣಂಗಿಲ್ಲ. ಬುಟ್ಟಿ ಎಳಕೋ."